ಅಗಲವಾದ ಹಣೆಗೂ ಕಿರಿದಾದ ಹಣೆಗೂ ಒಪ್ಪುವ ಕೇಶಕರ್ತನ: ಮುಂಗೂದಲಿನ ಸಮಗ್ರ ಮಾರ್ಗದರ್ಶಿ

ಬಳ್ಳಾರಿಯ ಕೌಲ್ ಬಜಾರಿನಲ್ಲಾಗಲಿ, ರಾಯಚೂರಿನ ತೀನ್ ಕಂದಿಲ್ ಸುತ್ತಮುತ್ತಲಿನ ಓಣಿಗಳಲ್ಲಾಗಲಿ, ಪಾರ್ಲರಿನ ಕುರ್ಚಿಯಲ್ಲಿ ಕುಳಿತ ಹೆಣ್ಣುಮಕ್ಕಳು ಹಣೆಯ ಬಗ್ಗೆ ಹೇಳುವುದು ಹೆಚ್ಚಾಗಿ ಒಂದೇ ಮಾತು: "ಅಕ್ಕಾರ, ಮುಂದ ಸ್ವಲ್ಪ ಫ್ಲಿಕ್ಸ್ ಕಟ್ ಮಾಡ್ರಿ." ಹಣೆ ಅಗಲವಾಗಿರುವವರು ಅದನ್ನು ಮುಚ್ಚಿಕೊಳ್ಳಲು ಹಾಗೆ ಕೇಳುತ್ತಾರೆ. ಹಣೆ ಕಿರಿದಾಗಿರುವವರು ಗೆಳತಿಗೆ ಒಪ್ಪಿತೆಂಬ ಕಾರಣಕ್ಕೆ ಕೇಳುತ್ತಾರೆ. ಕೊನೆಗೆ ಇಬ್ಬರಿಗೂ ಹುಬ್ಬಿನ ಮೇಲೆ ಸ್ಕೇಲಿಟ್ಟು ಗೆರೆ ಎಳೆದಂತೆ ಒಂದೇ ಬಗೆಯ ಕತ್ತರಿ ಬೀಳುತ್ತದೆ, ಇಬ್ಬರೂ ಅರೆಮನಸ್ಸಿನಿಂದ ಮನೆಗೆ ಹೋಗುತ್ತಾರೆ.

ಹಣೆ ಎಷ್ಟು ಅಗಲವಾಗಿ ಕಾಣುತ್ತದೆ ಎಂಬುದನ್ನು ತೀರ್ಮಾನಿಸುವುದು ಹಣೆಯ ನಡುಭಾಗವಲ್ಲ, ಅದರ ಎರಡು ಮೇಲ್ಮೂಲೆಗಳು. ನೆತ್ತಿಯ ಕಡೆಯಿಂದ ಅಡ್ಡವಾಗಿ ಬಂದ ಕೂದಲಂಚು ಕಣತಲೆಯ ಕಡೆಗೆ ತಿರುಗಿ ಕೆಳಗಿಳಿಯುವ ಜಾಗವನ್ನು ನಾನು ಇಲ್ಲಿ ಮೂಲೆ ಎಂದು ಕರೆಯುತ್ತಿದ್ದೇನೆ. ನೋಡುವವರ ಕಣ್ಣು ಈ ಮೂಲೆಯಿಂದ ಆ ಮೂಲೆಯವರೆಗೆ ಕಾಣುವ ಚರ್ಮವನ್ನು ಅಳೆಯುತ್ತದೆ. ಆದ್ದರಿಂದ ಅಗಲ ಹಣೆಯವರ ಕತ್ತರಿ ಆ ಮೂಲೆಗಳ ಮೇಲೆ ಕೂದಲನ್ನು ಇಳಿಬಿಡಬೇಕು, ಕಿರಿದಾದ ಹಣೆಯವರ ಕತ್ತರಿ ಆ ಮೂಲೆಗಳಿಂದ ಕೂದಲನ್ನು ಹಿಂದಕ್ಕೆ ಸರಿಸಬೇಕು. ಮುಂದೆ ಹೇಳುವ ಹಂತಗಳೆಲ್ಲ ಇದನ್ನೇ ಕೈಗೂಡಿಸುವ ಬಗೆಗಳು.

ಮೊದಲು ಅಳತೆ, ಆಮೇಲೆ ಕತ್ತರಿ

ಅಗಲವಾದ ಹಣೆಯೂ ಎತ್ತರವಾದ ಹಣೆಯೂ ಒಂದೇ ಅಲ್ಲ. ಅಗಲ ಎಂದರೆ ಎಡದಿಂದ ಬಲಕ್ಕಿರುವ ಅಂತರ, ಎತ್ತರ ಎಂದರೆ ಹುಬ್ಬಿನಿಂದ ಕೂದಲಂಚಿನವರೆಗಿನ ಅಂತರ. "ನನ್ನ ಹಣೆ ದೊಡ್ಡದು" ಎನ್ನುವವರಲ್ಲಿ ಎಷ್ಟೋ ಮಂದಿಯ ಹಣೆ ಎತ್ತರವಾಗಿರುತ್ತದೆಯೇ ಹೊರತು ಅಗಲವಾಗಿರುವುದಿಲ್ಲ. ಕನ್ನಡಿ ನೋಡಿ ಊಹಿಸುವುದರ ಬದಲು ಅಳೆದುಬಿಡುವುದು ಒಳ್ಳೆಯದು.

ಕೂದಲನ್ನೆಲ್ಲ ಹೇರ್‌ಬ್ಯಾಂಡಿನಿಂದ ಹಿಂದಕ್ಕೆ ಸರಿಸಿ, ಕಿಟಕಿಯ ಬೆಳಕು ನೇರವಾಗಿ ಮುಖದ ಮೇಲೆ ಬೀಳುವಂತೆ ಕುಳಿತುಕೊಳ್ಳಿ. ಇನ್ನೊಬ್ಬರು 30 ಸೆಂಟಿಮೀಟರಿನ ಸ್ಕೇಲನ್ನು ಮುಖದ ಮುಂದೆ ಅಡ್ಡವಾಗಿ ಹಿಡಿದು ಮೂರು ಅಗಲಗಳನ್ನು ಗುರುತಿಸಿಕೊಳ್ಳಲಿ: ಹುಬ್ಬಿಗೂ ಕೂದಲಂಚಿಗೂ ನಡುವಿನ ಮಟ್ಟದಲ್ಲಿ ಹಣೆಯ ಅಗಲ, ಕೆನ್ನೆಯ ಮೂಳೆಗಳು ಉಬ್ಬಿರುವಲ್ಲಿ ಮುಖದ ಅಗಲ, ಕಿವಿಯ ಕೆಳಗೆ ದವಡೆ ತಿರುಗುವಲ್ಲಿ ದವಡೆಯ ಅಗಲ. ಟೇಪನ್ನು ಚರ್ಮಕ್ಕೆ ಅಂಟಿಸಿ ಅಳೆದರೆ ಹಣೆಯ ಉಬ್ಬೂ ಸೇರಿಕೊಂಡು ಅಳತೆ ಹೆಚ್ಚಾಗುತ್ತದೆ, ಆದ್ದರಿಂದ ನೇರ ಅಂತರವನ್ನೇ ಹಿಡಿಯಬೇಕು. ಆಮೇಲೆ ಸ್ಕೇಲನ್ನು ಉದ್ದಕ್ಕೆ ತಿರುಗಿಸಿ, ಕೂದಲಂಚಿನಿಂದ ಹುಬ್ಬು, ಹುಬ್ಬಿನಿಂದ ಮೂಗಿನ ಬುಡ, ಮೂಗಿನ ಬುಡದಿಂದ ಗದ್ದ, ಹೀಗೆ ಮೂರು ಭಾಗಗಳನ್ನು ಅಳೆಯಬೇಕು.

ಹಣೆಯ ಅಗಲ ಕೆನ್ನೆಯ ಅಗಲಕ್ಕೆ ಸರಿಸಮವಾಗಿದ್ದರೆ ಅಥವಾ ಅದನ್ನು ಮೀರಿದ್ದರೆ ಅದನ್ನು ಅಗಲ ಹಣೆ ಎನ್ನಬಹುದು. ಕೆನ್ನೆಗಿಂತ ಎರಡು ಸೆಂಟಿಮೀಟರಿನಷ್ಟು ಅಥವಾ ಅದಕ್ಕಿಂತ ಹೆಚ್ಚು ಕಡಿಮೆಯಿದ್ದು, ದವಡೆಗಿಂತಲೂ ಕಿರಿದಾಗಿ ಕಂಡರೆ ಅದು ಕಿರಿದಾದ ಹಣೆ. ಇವೆರಡರ ನಡುವೆ ಇರುವವರು ಈ ಲೆಕ್ಕಾಚಾರದ ತಲೆನೋವಿಲ್ಲದೆ ತಮಗೆ ಬೇಕಾದ ಕತ್ತರಿ ಹಾಕಿಸಿಕೊಳ್ಳಬಹುದು. ಉದ್ದದ ಮೂರು ಭಾಗಗಳಲ್ಲಿ ಮೇಲಿನದು ಉಳಿದೆರಡಕ್ಕಿಂತ ಹೆಚ್ಚಿದ್ದರೆ ಹಣೆ ಎತ್ತರ, ಕಡಿಮೆಯಿದ್ದರೆ ಗಿಡ್ಡ. ಫ್ಲಿಕ್ಸ್ ಬೇಕೋ ಬೇಡವೋ ಎಂಬುದನ್ನು ಈ ಎತ್ತರ ಹೇಳುತ್ತದೆ, ಅದು ಎಲ್ಲಿಂದ ಎಲ್ಲಿಗೆ ಬೀಳಬೇಕು ಎಂಬುದನ್ನು ಅಗಲ ಹೇಳುತ್ತದೆ.

ಸೆಲ್ಫಿ ನೋಡಿ ತೀರ್ಮಾನಿಸಬಾರದು. ಫೋನನ್ನು ತಲೆಯ ಮೇಲಿನಿಂದ ಹಿಡಿದು ತೆಗೆದ ಚಿತ್ರದಲ್ಲಿ ಹಣೆ ಕ್ಯಾಮೆರಾಕ್ಕೆ ಹತ್ತಿರವಿರುವುದರಿಂದ ಹಿಗ್ಗಿ ಕಾಣುತ್ತದೆ, ಗದ್ದ ಕುಗ್ಗುತ್ತದೆ. ಚಿತ್ರ ಬೇಕೇಬೇಕೆಂದರೆ ಇನ್ನೊಬ್ಬರು ಕಣ್ಣಿನ ಮಟ್ಟದಲ್ಲಿ ಫೋನು ಹಿಡಿದು, ನಾಲ್ಕೈದು ಅಡಿ ದೂರ ನಿಂತು, ಸ್ವಲ್ಪ ಜೂಮ್ ಮಾಡಿ ತೆಗೆಯಲಿ.

ಇನ್ನೊಂದು ವಿಷಯವನ್ನು ಈ ಹಂತದಲ್ಲೇ ಪರೀಕ್ಷಿಸಿಕೊಳ್ಳಬೇಕು. ಚಿಕ್ಕಂದಿನಿಂದ ಎಣ್ಣೆ ಹಚ್ಚಿ, ಬಿಗಿಯಾಗಿ ಎಳೆದು ಜಡೆ ಹಾಕಿಸಿಕೊಂಡವರ ಹಣೆಯ ಮೂಲೆಗಳಲ್ಲಿ ಕೂದಲು ತೆಳ್ಳಗಾಗಿ ಅಂಚು ಹಿಂದೆ ಸರಿದಿರುವುದುಂಟು. ಮೂಲೆಯ ಚರ್ಮದ ಮೇಲೆ ಸಣ್ಣ, ತುಂಡಾದ ಕೂದಲುಗಳು ಚದುರಿದಂತೆ ಕಂಡರೆ, ಅಥವಾ ಹಳೆಯ ಫೋಟೋಗಳಲ್ಲಿ ಅಂಚು ಮುಂದಿದ್ದರೆ, ಅದು ಹುಟ್ಟಿನ ಅಗಲವಲ್ಲ, ಎಳೆತದಿಂದ ಬಂದದ್ದು. ಬೇಗ ಗಮನಿಸಿ ಜಡೆಯನ್ನು ಸಡಿಲಗೊಳಿಸಿದರೆ ಕೂದಲು ಮರಳಿ ಬರುವ ಸಾಧ್ಯತೆಯಿದೆ, ವರ್ಷಗಟ್ಟಲೆ ಹಾಗೇ ಬಿಟ್ಟರೆ ಬೇರು ಸತ್ತುಹೋಗುತ್ತದೆ. ಅಂಥವರು ಪಾರ್ಲರಿಗಿಂತ ಮೊದಲು ಚರ್ಮದ ವೈದ್ಯರನ್ನು ಕಾಣುವುದು ಸರಿ.

ಬೈತಲೆಯನ್ನೂ ಸುಳಿಯನ್ನೂ ಕಂಡುಕೊಳ್ಳುವುದು

ತಲೆ ತೊಳೆದು, ಟವೆಲಿನಿಂದ ಒರೆಸಿ, ಕೂದಲನ್ನು ಪೂರ್ತಿ ಹಿಂದಕ್ಕೆ ಬಾಚಿ, ಅಂಗೈಯಿಂದ ನೆತ್ತಿಯನ್ನು ಮೆಲ್ಲಗೆ ಮುಂದಕ್ಕೆ ತಳ್ಳಿದರೆ ಕೂದಲು ತನ್ನಷ್ಟಕ್ಕೆ ತಾನೇ ಒಂದು ಜಾಗದಲ್ಲಿ ಬಿಚ್ಚಿಕೊಳ್ಳುತ್ತದೆ. ಅದೇ ನಿಮ್ಮ ಸಹಜ ಬೈತಲೆ. ನಮ್ಮ ಕಡೆ ಹೆಚ್ಚಿನವರು ಶಾಲೆಯ ದಿನಗಳಿಂದ ನಡುಬೈತಲೆ ತೆಗೆದು ರೂಢಿಯಾಗಿರುವುದರಿಂದ ಸಹಜ ಬೈತಲೆ ಎಲ್ಲಿದೆ ಎಂಬುದೇ ಅವರಿಗೆ ತಿಳಿದಿರುವುದಿಲ್ಲ.

ಹಣೆಯ ಅಂಚಿನಲ್ಲಿ ಸುಳಿ ಇದೆಯೇ ಎಂದು ನೋಡುವುದೂ ಇದೇ ಹೊತ್ತಿನಲ್ಲಿ. ಒದ್ದೆ ಕೂದಲನ್ನು ಹಣೆಯ ಮೇಲೆ ಇಳಿಬಿಟ್ಟು ಮುಟ್ಟದೆ ಒಣಗಲು ಬಿಡಿ. ಒಂದು ಕಡೆ ಕೂದಲು ಮೇಲಕ್ಕೆದ್ದು ಬೇರೆ ದಿಕ್ಕಿಗೆ ತಿರುಗಿದರೆ ಅಲ್ಲಿ ಸುಳಿಯಿದೆ. ಸುಳಿಯ ಮೇಲೆ ಗಿಡ್ಡನೆಯ ಫ್ಲಿಕ್ಸ್ ಕತ್ತರಿಸಿದರೆ ಅದು ಎಷ್ಟು ಬಾಚಿದರೂ ಸೀಳಿಕೊಳ್ಳುತ್ತದೆ, ಏಕೆಂದರೆ ಗಿಡ್ಡ ಕೂದಲಿಗೆ ಬೇರಿನ ದಿಕ್ಕನ್ನು ಬಗ್ಗಿಸುವಷ್ಟು ಭಾರವಿರುವುದಿಲ್ಲ. ಅಲ್ಲಿ ಕೂದಲನ್ನು ಕೆನ್ನೆಯ ಮೂಳೆಯವರೆಗಾದರೂ ಉದ್ದ ಬಿಡಬೇಕು.

ಒಂದೇ ಮನೆಯ ಎರಡು ಹಣೆಗಳು

ರಾಯಚೂರಿನಿಂದ ಬಂದಿದ್ದ ಅಕ್ಕ-ತಂಗಿಯರಿಬ್ಬರ ಅಳತೆಯನ್ನು ಉದಾಹರಣೆಯಾಗಿ ತೆಗೆದುಕೊಳ್ಳೋಣ. ಇಬ್ಬರದ್ದೂ ಬೆನ್ನಿನ ನಡುಮಟ್ಟದವರೆಗಿನ, ತುಸು ಅಲೆಯಲೆಯಾದ, ದಪ್ಪನೆಯ ಕಪ್ಪು ಕೂದಲು. ಅಕ್ಕನ ಹಣೆ 13 ಸೆಂ.ಮೀ. ಅಗಲ, ಕೆನ್ನೆಯೂ 13, ದವಡೆ 10.5. ಹಣೆಯ ಎತ್ತರ 7 ಸೆಂ.ಮೀ., ಕೆಳಗಿನ ಎರಡು ಭಾಗಗಳು ಸುಮಾರು ಆರು ಆರು. ಅಂದರೆ ಹಣೆ ಅಗಲವೂ ಹೌದು, ಎತ್ತರವೂ ಹೌದು, ಮುಖ ಕೆಳಗೆ ಹೋದಂತೆ ಚೂಪಾಗುತ್ತದೆ. ತಂಗಿಯ ಹಣೆ 10.5 ಸೆಂ.ಮೀ. ಅಗಲ, ಕೆನ್ನೆ 13, ದವಡೆ 11. ಎತ್ತರ ಐದು ಸೆಂಟಿಮೀಟರಿಗಿಂತ ತುಸು ಹೆಚ್ಚು, ಕೆಳಗಿನ ಭಾಗಗಳು ಆರಕ್ಕಿಂತ ಹೆಚ್ಚು. ಹಣೆ ಕಿರಿದು, ಗಿಡ್ಡ. ಇಬ್ಬರೂ ಹಿಂದೆ ಎಲ್ಲೋ ಹುಬ್ಬಿನವರೆಗೆ ನೇರ ಫ್ಲಿಕ್ಸ್ ಹಾಕಿಸಿಕೊಂಡು, ಅದು ಬೆಳೆಯುವವರೆಗೆ ಕ್ಲಿಪ್ಪು ಸಿಕ್ಕಿಸಿಕೊಂಡು ಓಡಾಡಿದ್ದರು.

ಆ ನೇರ ಗೆರೆ ಇಬ್ಬರಿಗೂ ಒಪ್ಪಲಿಲ್ಲವಾದರೂ ಕಾರಣ ಬೇರೆ ಬೇರೆ. ಅಡ್ಡಗೆರೆ ಅದು ಬಿದ್ದಿರುವ ಜಾಗವನ್ನು ಅಗಲವಾಗಿ ತೋರಿಸುತ್ತದೆ. ಅಕ್ಕನಿಗೆ ಎತ್ತರವೇನೋ ಮುಚ್ಚಿತು, ಆದರೆ ಮುಖದ ಅತಿ ಅಗಲವಾದ ಭಾಗಕ್ಕೆ ಅಡ್ಡಗೆರೆ ಬಿದ್ದು ಮುಖ ಇನ್ನೂ ಚೌಕವಾಯಿತು. ತಂಗಿಗೆ ಆ ಗೆರೆಯಿಂದ ಅಗಲದ ಲಾಭ ಸಿಗಬಹುದಿತ್ತು, ಆದರೆ ಮೊದಲೇ ಗಿಡ್ಡವಾಗಿದ್ದ ಹಣೆ ದಪ್ಪನೆಯ ಕೂದಲಿನಡಿ ಪೂರ್ತಿ ಮಾಯವಾಗಿ, ಮುಖ ಹುಬ್ಬಿನಿಂದಲೇ ಶುರುವಾದಂತೆ ಕಂಡಿತು. ಕಿರಿದಾಗಿದ್ದರೂ ಎತ್ತರವಾಗಿರುವ ಹಣೆಯವರಿಗೆ ಮಾತ್ರ ಇದೇ ನೇರ ಫ್ಲಿಕ್ಸ್ ಚೆನ್ನಾಗಿ ಒಪ್ಪುತ್ತದೆ, ಅದೂ ಹುಬ್ಬಿನ ಹೊರತುದಿಯವರೆಗೆ ಮಾತ್ರ ಬಂದು, ಚರ್ಮ ಇಣುಕುವಷ್ಟು ತೆಳುವಾಗಿದ್ದರೆ.

ಅಗಲ ಹಣೆಗೆ: ಎರಡು ಕಡೆಗೂ ಇಳಿಯುವ ಫ್ಲಿಕ್ಸ್

ಅಕ್ಕನಿಗೆ ಆರಿಸಿಕೊಂಡದ್ದು ಪಾರ್ಲರುಗಳಲ್ಲಿ ಕರ್ಟನ್ ಬ್ಯಾಂಗ್ಸ್ ಎನ್ನುವ ಕತ್ತರಿ. ನಡುವಿನಿಂದ ಬಿಚ್ಚಿಕೊಂಡು ಎರಡು ಮೂಲೆಗಳ ಮೇಲೂ ಓರೆಯಾಗಿ ಇಳಿದು ಕೆನ್ನೆಯ ಮೂಳೆಯ ಬಳಿ ನಿಲ್ಲುವ ಕೂದಲು ಇದು. ಓರೆಗೆರೆಗಳು ಮೂಲೆಯನ್ನು ಮುಚ್ಚುತ್ತವೆ, ನಡುವೆ ಕಾಣುವ ಹಣೆ ತ್ರಿಕೋನಾಕಾರಕ್ಕೆ ಬಂದು ಕಿರಿದಾಗುತ್ತದೆ.

ಮೊದಲ ಕೆಲಸ, ಎಷ್ಟು ಕೂದಲನ್ನು ಮುಂದಕ್ಕೆ ತೆಗೆದುಕೊಳ್ಳಬೇಕು ಎಂದು ಗುರುತಿಸುವುದು. ಬಾಚಣಿಗೆಯನ್ನು ನೆತ್ತಿಯ ಮೇಲೆ ಹಣೆಯ ಕಡೆಗೆ ಚಪ್ಪಟೆಯಾಗಿ ಇಡಿ. ತಲೆ ಬಾಗಿ ಬಾಚಣಿಗೆಯಿಂದ ದೂರವಾಗಲು ಶುರುವಾಗುವ ಬಿಂದುವೇ ತ್ರಿಕೋನದ ತುದಿ, ಅದು ಸಾಮಾನ್ಯವಾಗಿ ಕೂದಲಂಚಿನಿಂದ ಐದರಿಂದ ಏಳು ಸೆಂ.ಮೀ. ಹಿಂದಿರುತ್ತದೆ. ಆ ಬಿಂದುವಿನಿಂದ ಎರಡು ಮೂಲೆಗಳಿಗೆ ಬಾಚಣಿಗೆಯ ಬಾಲದಿಂದ ಗೆರೆ ಎಳೆದರೆ ತ್ರಿಕೋನ ಸಿದ್ಧವಾಯಿತು. ತ್ರಿಕೋನದ ಬುಡ ಮೂಲೆಯನ್ನು ಮುಟ್ಟಲೇಬೇಕು, ಏಕೆಂದರೆ ಮೂಲೆಯಿಂದ ಹುಟ್ಟಿದ ಕೂದಲೇ ಮೂಲೆಯನ್ನು ಮುಚ್ಚಬಲ್ಲದು. ಹಾಗೆಂದು ಮೂಲೆಯನ್ನು ದಾಟಿ ಕಿವಿಯ ಕಡೆಗೆ ಹೋಗಬಾರದು. ದಾಟಿ ಕತ್ತರಿಸಿದರೆ ಜಡೆ ಹಾಕಿದಾಗ ಕಿವಿಯ ಮೇಲೆ ಜಡೆಗೂ ಸಿಗದ, ಹಣೆಗೂ ಬಾರದ ಗಿಡ್ಡ ಕುಚ್ಚುಗಳು ಎದ್ದು ನಿಲ್ಲುತ್ತವೆ. ನಾನು ನೋಡಿದ ಕೆಟ್ಟ ಫ್ಲಿಕ್ಸ್‌ಗಳಲ್ಲಿ ಹೆಚ್ಚಿನವು ಕೆಟ್ಟದ್ದು ಇಲ್ಲೇ, ಉದ್ದದಲ್ಲಲ್ಲ. ಉಳಿದ ಕೂದಲನ್ನೆಲ್ಲ ಹಿಂದಕ್ಕೆ ಕ್ಲಿಪ್ ಮಾಡಿ, ಒಂದೆಳೆಯೂ ಮುಂದಕ್ಕೆ ಜಾರದಂತೆ ನೋಡಿಕೊಳ್ಳಬೇಕು.

ಎರಡನೆಯದು ಕತ್ತರಿ ಹಿಡಿಯುವುದು. ಅಲೆಯಲೆಯಾದ ಕೂದಲನ್ನು ಒಣಗಿದ ಮೇಲೆಯೇ ಕತ್ತರಿಸುವುದು ಕ್ಷೇಮ. ಒದ್ದೆ ಕೂದಲು ಎಳೆದರೆ ಹಿಗ್ಗುತ್ತದೆ, ಒಣಗಿದಾಗ ಅಲೆ ಮರಳಿ ಬಂದು ಮೇಲಕ್ಕೇರುತ್ತದೆ. ಒದ್ದೆಯಲ್ಲಿ ಮೂಗಿನ ತುದಿಗೆ ಬಂದದ್ದು ಒಣಗಿದ ಮೇಲೆ ಕಣ್ಣಿನ ಮಟ್ಟಕ್ಕೆ ಏರಿರುವುದು ಅಪರೂಪವಲ್ಲ. ತ್ರಿಕೋನದ ಕೂದಲನ್ನೆಲ್ಲ ಮೂಗಿನ ನೇರಕ್ಕೆ, ಮುಖದ ನಟ್ಟನಡುವಿಗೆ ಬಾಚಿ ತಂದು, ತೋರುಬೆರಳು ಮತ್ತು ನಡುಬೆರಳಿನ ನಡುವೆ ಎಳೆಯದೆ ಸಡಿಲವಾಗಿ ಹಿಡಿದು, ಮೂಗಿನ ತುದಿಯ ಮಟ್ಟದಲ್ಲಿ ಒಮ್ಮೆ ಕತ್ತರಿಸಬೇಕು.

ಈ ಒಂದೇ ಕತ್ತರಿಯಿಂದ ನಡುವಿನಲ್ಲಿ ಮೇಲಿದ್ದು ಬದಿಗೆ ಹೋದಂತೆ ಕೆಳಗಿಳಿಯುವ ಇಳಿಜಾರು ಹೇಗೆ ಬರುತ್ತದೆ ಎಂಬುದನ್ನು ತಿಳಿದುಕೊಂಡರೆ ಕೈ ತಪ್ಪುವುದಿಲ್ಲ. ನಡುವಿನ ಕೂದಲು ನೇರವಾಗಿ ಕೆಳಗೆ ಬಂದು ಮೂಗಿನ ತುದಿ ಮುಟ್ಟಿರುತ್ತದೆ. ಮೂಲೆಯ ಕೂದಲು ಆರು ಸೆಂಟಿಮೀಟರಿನಷ್ಟು ಅಡ್ಡ ದಾರಿಯನ್ನೂ ಸವೆಸಿ ಅದೇ ಬಿಂದುವಿಗೆ ಬಂದಿರುತ್ತದೆ. ಕೈಬಿಟ್ಟ ಕೂಡಲೇ ಅದು ತನ್ನ ಜಾಗಕ್ಕೆ ಹಿಂದಿರುಗಿ ನೇರವಾಗಿ ಇಳಿಯುವಾಗ, ಅಡ್ಡ ಬಂದ ದಾರಿಯ ಉಳಿಕೆಯೆಲ್ಲ ಉದ್ದವಾಗಿ ಕಾಣಿಸಿಕೊಂಡು, ನಡುವಿನ ಕೂದಲಿಗಿಂತ ಸುಮಾರು ಒಂದೂವರೆ ಸೆಂ.ಮೀ. ಕೆಳಗೆ ನಿಲ್ಲುತ್ತದೆ. ಕೂದಲನ್ನು ನಡುವಿಗೆ ತರದೆ ಇದ್ದಲ್ಲಿಯೇ ಹಿಡಿದು ಕತ್ತರಿಸಿದರೆ ಈ ಇಳಿಜಾರು ಬರುವುದಿಲ್ಲ, ಮತ್ತೆ ಆ ಹಳೆಯ ಅಡ್ಡಗೆರೆಯೇ ಬರುತ್ತದೆ.

ಮೂರನೆಯದು ತುದಿಯನ್ನು ಮೃದುಗೊಳಿಸುವುದು. ಕತ್ತರಿಯನ್ನು ಕೂದಲಿಗೆ ಉದ್ದುದ್ದವಾಗಿ ಹಿಡಿದು, ತುದಿಯೊಳಗೆ ಒಂದು ಸೆಂ.ಮೀ. ಆಳಕ್ಕಿಂತ ಹೆಚ್ಚು ಹೋಗದಂತೆ, ಸಣ್ಣ ಸಣ್ಣ ಕಚ್ಚುಗಳನ್ನು ಹಾಕಬೇಕು. ಥಿನ್ನಿಂಗ್ ಕತ್ತರಿಯನ್ನು ದಪ್ಪ ಅಲೆಕೂದಲಿನ ಬುಡದ ಹತ್ತಿರ ಬಳಸಲೇಬಾರದು. ಒಳಗೆ ಉಳಿದ ಗಿಡ್ಡ ಕೂದಲು ಮೇಲಿನದನ್ನು ತಳ್ಳಿ ಇಡೀ ಫ್ಲಿಕ್ಸನ್ನು ಉಬ್ಬಿಸಿಬಿಡುತ್ತದೆ, ಹಣೆಯ ಮೂಲೆಯಲ್ಲಿ ಉಬ್ಬು ಬಂದರೆ ಮುಚ್ಚಲು ಹೊರಟ ಅಗಲ ಇಮ್ಮಡಿಯಾಗುತ್ತದೆ. ಮನೆಯಲ್ಲಿ ಬಟ್ಟೆ ಕತ್ತರಿಸುವ ಕತ್ತರಿಯೂ ಬೇಡ, ಅದರ ಮೊಂಡು ಅಲಗು ಕೂದಲನ್ನು ಕತ್ತರಿಸುವ ಮೊದಲು ಮುಂದಕ್ಕೆ ತಳ್ಳುವುದರಿಂದ ಗೆರೆ ಸೊಟ್ಟಗಾಗುತ್ತದೆ.

ನಾಲ್ಕನೆಯದು ಫ್ಲಿಕ್ಸಿಗೆ ಉಳಿದ ಕೂದಲನ್ನು ಜೋಡಿಸುವುದು. ಅಕ್ಕನ ದವಡೆ ಹಣೆಗಿಂತ ಎರಡೂವರೆ ಸೆಂ.ಮೀ. ಕಿರಿದಾಗಿದ್ದುದರಿಂದ, ಮುಖದ ಪಕ್ಕದ ಕೂದಲಿಗೆ ಗದ್ದದ ಮಟ್ಟದಿಂದ ಲೇಯರ್ ಶುರುಮಾಡಿ, ತುದಿಗಳು ದವಡೆಯ ಬಳಿ ಒಳಮುಖವಾಗಿ ತಿರುಗುವಂತೆ ಬಿಟ್ಟೆವು. ಕೆಳಗೆ ತುಂಬಿಕೊಂಡರೆ ಮೇಲಿನ ಅಗಲ ತಾನಾಗಿಯೇ ಹದಕ್ಕೆ ಬರುತ್ತದೆ. ಕಿವಿಯ ಮೇಲೆ, ಕಣತಲೆಯ ಮಟ್ಟದಲ್ಲಿ ಉಬ್ಬುವ ಗಿಡ್ಡ ಸ್ಟೆಪ್ ಕಟ್ ಇಂಥ ಮುಖಕ್ಕೆ ಸಲ್ಲದು.

ಒಣಗಿಸುವಾಗ ಬೇರನ್ನು ಮೇಲೆತ್ತಬಾರದು. ಡ್ರೈಯರಿನ ಗಾಳಿಯನ್ನು ಮೇಲಿನಿಂದ ಕೆಳಕ್ಕೆ ಬಿಟ್ಟು, ಫ್ಲಿಕ್ಸನ್ನು ಒಮ್ಮೆ ಪೂರ್ತಿ ಎಡಕ್ಕೆ, ಒಮ್ಮೆ ಪೂರ್ತಿ ಬಲಕ್ಕೆ ಹಣೆಗೆ ಒತ್ತಿದಂತೆ ಬಾಚುತ್ತಾ ಒಣಗಿಸಿದರೆ ಬೇರು ಯಾವ ಕಡೆಗೂ ಹಠ ಹಿಡಿಯದೆ ಚಪ್ಪಟೆಯಾಗಿ ಕೂರುತ್ತದೆ. ಒಣಗಿದ ಮೇಲೆ ಅಕ್ಕನ ಫ್ಲಿಕ್ಸ್ ಎರಡು ಬದಿಗೆ ಬಾಗಿ, ನಡುವೆ ಕಣ್ಣಿನ ಮಟ್ಟದಲ್ಲೂ ಬದಿಯಲ್ಲಿ ಕೆನ್ನೆಯ ಮೂಳೆಯ ಮೇಲೂ ನಿಂತಿತು, ಕಾಣುವ ಹಣೆಯ ಅಗಲ ಅರ್ಧಕ್ಕಿಳಿಯಿತು.

ಕುರ್ಚಿಯಿಂದ ಏಳುವ ಮೊದಲು ಜಡೆ ಹಾಕಿ ನೋಡಲೇಬೇಕು. ನಮ್ಮ ಊರುಗಳಲ್ಲಿ ಕೂದಲು ಬಿಟ್ಟುಕೊಂಡು ಓಡಾಡುವ ಹೊತ್ತು ಕಡಿಮೆ, ಜಡೆ ಅಥವಾ ಕ್ಲಚ್ಚೇ ಹೆಚ್ಚು. ಜಡೆ ಹಾಕಿದ ಮೇಲೂ ಎರಡು ಮೂಲೆಗಳ ಮೇಲೆ ಕೂದಲು ಉಳಿದರೆ ಕತ್ತರಿ ಸರಿಯಾಗಿದೆ. ಹಿಂದಕ್ಕೆ ಎಳೆದಾಗ ಮೂಲೆ ಬೋಳಾಗಿ ಕಂಡರೆ ತ್ರಿಕೋನದ ಬುಡ ಚಿಕ್ಕದಾಯಿತೆಂದು ಅರ್ಥ, ಎರಡೂ ಕಡೆ ಬೆರಳಿನ ಅರ್ಧ ಅಗಲದಷ್ಟು ಕೂದಲನ್ನು ಮತ್ತೆ ಮುಂದಕ್ಕೆ ತೆಗೆದು ಅದೇ ರೀತಿ ಕತ್ತರಿಸಬಹುದು. ಕಡಿಮೆ ತೆಗೆದುಕೊಂಡದ್ದನ್ನು ಸೇರಿಸಬಹುದು, ಹೆಚ್ಚಾದದ್ದನ್ನು ಬೆಳೆಸಲು ಮಾತ್ರ ಸಾಧ್ಯ.

ಕಿರಿದಾದ ಹಣೆಗೆ: ಮೂಲೆ ತೆರೆಯುವ ಕತ್ತರಿ

ತಂಗಿಗೆ ಕರ್ಟನ್ ಬ್ಯಾಂಗ್ಸ್ ಹಾಕಿದ್ದರೆ ಇದ್ದ ಹತ್ತೂವರೆ ಸೆಂಟಿಮೀಟರಿನಲ್ಲಿ ನಾಲ್ಕೈದು ಸೆಂ.ಮೀ. ಮುಚ್ಚಿಹೋಗಿ ಕೆನ್ನೆಯ ಮೂಳೆಗಳು ಮಾತ್ರ ಎದ್ದು ಕಾಣುತ್ತಿದ್ದವು. "ಅಕ್ಕನ್ಹಂಗೇ ನಂಗೂ ಮಾಡ್ರಿ" ಎಂದು ಆಕೆ ಹಟ ಹಿಡಿದಾಗ, ಕತ್ತರಿಸುವ ಮೊದಲೇ ಬೆನ್ನಿನ ಕೂದಲನ್ನು ಮುಂದಕ್ಕೆ ಮಡಚಿ ಹಣೆಯ ಎರಡೂ ಬದಿಗೆ ಇಳಿಬಿಟ್ಟು ಕನ್ನಡಿ ತೋರಿಸಿದ್ದಾಯಿತು, ಆಮೇಲೆ ಆಕೆ ಕೇಳಲಿಲ್ಲ. ಸಂಶಯವಿದ್ದವರು ಮನೆಯಲ್ಲೇ ಹೀಗೆ ಮಾಡಿ ನೋಡಬಹುದು.

ಇಲ್ಲಿ ಕೆಲಸ ಬೈತಲೆಯಿಂದ ಶುರುವಾಗುತ್ತದೆ. ನಡುಬೈತಲೆ ಕಿರಿದಾದ ಹಣೆಯನ್ನು ಎರಡು ಇನ್ನೂ ಕಿರಿದಾದ ಪಾಲುಗಳಾಗಿ ಒಡೆಯುತ್ತದೆ. ಬೈತಲೆಯನ್ನು ಒಂದು ಹುಬ್ಬಿನ ಕಮಾನಿನ ನೇರಕ್ಕೆ ಸರಿಸಿದರೆ ಹಣೆ ಒಂದೇ ತುಂಡಾಗಿ ಅಗಲವಾಗಿ ಕಾಣುತ್ತದೆ. ಸರಿಸಿದ ಮೊದಲ ವಾರಗಳಲ್ಲಿ ಕೂದಲು ಹಳೆಯ ಜಾಗಕ್ಕೆ ಮರಳಲು ನೋಡುತ್ತದೆ. ತಲೆ ತೊಳೆದ ಕೂಡಲೇ ಹೊಸ ಬೈತಲೆ ತೆಗೆದು ಒಣಗಿಸುವ ಅಭ್ಯಾಸ ಮಾಡಿಕೊಂಡರೆ ಅದು ನಿಧಾನವಾಗಿ ಒಗ್ಗಿಕೊಳ್ಳುತ್ತದೆ.

ಮುಂದಿನದು ಮುಖದ ಪಕ್ಕದ ಕೂದಲು. ತ್ರಿಕೋನದ ಬದಲು ಇಲ್ಲಿ ಮೂಲೆಯಿಂದ ಕಿವಿಯ ಮೇಲಿನವರೆಗಿನ ಎರಡು ಬೆರಳಗಲದ ಪಟ್ಟಿಯನ್ನು ತೆಗೆದುಕೊಳ್ಳಬೇಕು. ಅದನ್ನು ಮುಖದ ಮುಂದಕ್ಕೆ ಎಳೆದು ತರದೆ, ಪಕ್ಕಕ್ಕೆ ಅಡ್ಡವಾಗಿ, ನೆಲಕ್ಕೆ ಸಮನಾಗಿ ಹಿಡಿದು, ತುಟಿಯ ಮಟ್ಟಕ್ಕೆ ಬರುವಷ್ಟು ಉದ್ದದಲ್ಲಿ ಕತ್ತರಿಸಿದರೆ ಕೂದಲು ಹಗುರಾಗಿ ಮೂಲೆಯಿಂದ ಹಿಂದಕ್ಕೆ ಹಾರುತ್ತದೆ. ಅದಕ್ಕಿಂತ ಗಿಡ್ಡ ಮಾಡಿ ಕೆನ್ನೆಯ ಮೂಳೆಯ ಮೇಲೆಯೇ ನಿಲ್ಲಿಸಿದರೆ ಮುಖದ ಅತಿ ಅಗಲವಾದ ಜಾಗಕ್ಕೆ ಕಣ್ಣನ್ನು ಕರೆದಂತಾಗುತ್ತದೆ, ಹಣೆ ಮತ್ತಷ್ಟು ಕುಗ್ಗುತ್ತದೆ. ಅಕ್ಕನಿಗೆ ಕೆನ್ನೆಯ ಮೂಳೆ ಒಳ್ಳೆಯ ನಿಲ್ದಾಣವಾಗಿದ್ದರೆ ತಂಗಿಗೆ ಅದೇ ಕೆಟ್ಟದ್ದು.

ಒಣಗಿಸುವ ರೀತಿಯೂ ತಲೆಕೆಳಗು. ಬೇರು ಇನ್ನೂ ತುಸು ಒದ್ದೆಯಿರುವಾಗ ಮೇಲಿನ ಕೂದಲನ್ನು ಬೈತಲೆಯ ವಿರುದ್ಧ ದಿಕ್ಕಿಗೆ ಬಾಚಿ ಒಣಗಿಸಿ, ಪೂರ್ತಿ ಒಣಗಿದ ಮೇಲೆ ಸರಿಯಾದ ಕಡೆಗೆ ತಿರುಗಿಸಬೇಕು. ಆಗ ಬೇರು ಎದ್ದು ನಿಂತು ಮೂಲೆಗಳ ಮೇಲೆ ಒಂದು ಬೆರಳಿನಷ್ಟು ಉಬ್ಬು ಬರುತ್ತದೆ. ಗಿಡ್ಡ ಹಣೆಗೆ ಎತ್ತರವೂ ಕಿರಿದಾದ ಹಣೆಗೆ ಅಗಲವೂ ಒಟ್ಟಿಗೆ ಸಿಗುವುದು ಆ ಉಬ್ಬಿನಿಂದ. ಹಬ್ಬಕ್ಕೋ ಮದುವೆಗೋ ಪಫ್ ಹಾಕಿಸಿಕೊಳ್ಳುವವರು ನೆತ್ತಿಯ ಮೇಲೆ ಮಾತ್ರ ಉಬ್ಬಿಸದೆ ಮೂಲೆಯವರೆಗೂ ಹರಡುವಂತೆ ಹಾಕಿಸಿಕೊಳ್ಳಬೇಕು. ಎತ್ತರವಾದ ಅಗಲ ಹಣೆಯವರು ಪಫ್ಫಿನಿಂದ ದೂರವಿರುವುದೇ ಮೇಲು.

ಕೂದಲಂಚಿನಲ್ಲಿ ಹತ್ತಿಯಂಥ ಎಳೆಗೂದಲು ಹಣೆಗೆ ಇಳಿದಿದ್ದರೆ ಅದನ್ನು ರೇಜರಿನಿಂದ ತೆಗೆಸಿ ಹಣೆ ಅಗಲ ಮಾಡಿಸಿಕೊಳ್ಳುವವರಿದ್ದಾರೆ. ಕೆಲವೇ ದಿನಗಳಲ್ಲಿ ಅಲ್ಲಿ ಮೊಂಡು ತುದಿಯ ಕೂದಲು ಚುಚ್ಚಿದಂತೆ ಕಾಣಿಸಿಕೊಳ್ಳುವುದರಿಂದ ನಾನು ಅದನ್ನು ಒಪ್ಪುವುದಿಲ್ಲ. ಎಳೆಗೂದಲನ್ನು ಸ್ವಲ್ಪ ಜೆಲ್ ಹಚ್ಚಿ ಹಿಂದಕ್ಕೆ ಬಾಚಿದರೆ ಸಾಕು.

ಬಿಸಿಲು, ಎಣ್ಣೆ, ಬೋರ್‌ವೆಲ್ ನೀರು

ರಾಯಚೂರಿನಲ್ಲಿ ಏಪ್ರಿಲ್, ಮೇ ತಿಂಗಳುಗಳಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ, ಬಳ್ಳಾರಿ, ಕೊಪ್ಪಳಗಳ ಬೇಸಿಗೆಯೂ ಕಡಿಮೆಯದಲ್ಲ. ಹಣೆ ಬೆವರಿದಾಗ ಹುಬ್ಬಿನ ಮಟ್ಟದ ತೆಳು ಫ್ಲಿಕ್ಸ್ ಅಂಟಿಕೊಂಡು ಎಳೆ ಎಳೆಯಾಗಿ ಸೀಳುತ್ತದೆ, ಸೀಳಿದ ಸಂದಿಗಳಲ್ಲಿ ಅಗಲ ಹಣೆ ಮತ್ತೆ ಇಣುಕುತ್ತದೆ. ಈ ಕಾರಣಕ್ಕಾಗಿಯೇ ನಮ್ಮ ಭಾಗದಲ್ಲಿ ಅಗಲ ಹಣೆಗೆ ಕಿವಿಯ ಹಿಂದೆ ಸಿಕ್ಕಿಸಬಲ್ಲಷ್ಟು ಉದ್ದದ ಫ್ಲಿಕ್ಸನ್ನೇ ನಾನು ಹೇಳುವುದು. ಬೇಸಿಗೆಯ ಮಧ್ಯಾಹ್ನ ಸಿಕ್ಕಿಸಿಕೊಂಡು ಸಂಜೆ ಬಿಟ್ಟುಕೊಳ್ಳಬಹುದು.

ತಲೆಗೆ ಎಣ್ಣೆ ಹಚ್ಚುವಾಗ ತ್ರಿಕೋನದ ಕೂದಲನ್ನು ಮೊದಲೇ ಕ್ಲಿಪ್ ಮಾಡಿ ಬದಿಗಿಟ್ಟು ಉಳಿದ ತಲೆಗೆ ಹಚ್ಚಬೇಕು. ದಿನವೂ ತಲೆಸ್ನಾನ ಮಾಡಲಾಗದವರು ಫ್ಲಿಕ್ಸನ್ನು ಮಾತ್ರ ಬೆಳಿಗ್ಗೆ ಬೇಸಿನ್ನಿನಲ್ಲಿ ಒಂದು ಹನಿ ಶಾಂಪೂವಿನಿಂದ ತೊಳೆದುಕೊಳ್ಳಬಹುದು. ಗಡಸು ಬೋರ್‌ವೆಲ್ ನೀರಿನಲ್ಲಿ ತೊಳೆದ ಕೂದಲು ಒರಟಾಗಿ ಉಬ್ಬುವುದರಿಂದ, ಮನೆಯಲ್ಲಿ ಕುಡಿಯಲು ಶುದ್ಧೀಕರಿಸಿದ ನೀರಿದ್ದರೆ ಕೊನೆಯ ಒಂದು ತಂಬಿಗೆಯನ್ನು ಮುಂಗೂದಲಿಗೆ ಹಾಕಿಕೊಂಡರೆ ವ್ಯತ್ಯಾಸ ಕೈಗೇ ತಿಳಿಯುತ್ತದೆ. ಹೆಲ್ಮೆಟ್ ಹಾಕುವವರು ಫ್ಲಿಕ್ಸನ್ನು ಹಿಂದಕ್ಕೆ ತಳ್ಳಿ ಹಾಕಿದರೆ ತೆಗೆದಾಗ ಬೇರು ಎದ್ದು ನಿಂತಿರುತ್ತದೆ. ಅದು ತಂಗಿಗೆ ಅನುಕೂಲ, ಅಕ್ಕನಿಗೆ ತೊಂದರೆ, ಆಕೆ ಎರಡು ಬದಿಗೆ ಇಳಿಸಿಯೇ ಹೆಲ್ಮೆಟ್ ಹಾಕಬೇಕು.

ಗಂಡಸರಿಗೆ

ಮೂಲೆಯ ಲೆಕ್ಕ ಕಟಿಂಗ್ ಅಂಗಡಿಯಲ್ಲೂ ಅದೇ. ಅಗಲ ಹಣೆಯವರು ಕಣತಲೆಯ ಬಳಿ ಟ್ರಿಮ್ಮರನ್ನು 3 ಅಥವಾ 4ನೇ ನಂಬರಿಗಿಂತ ಕೆಳಗಿಳಿಸಬಾರದು, ಅಂದರೆ ಅಲ್ಲಿ ಸುಮಾರು 10ರಿಂದ 13 ಮಿಲಿಮೀಟರ್ ಕೂದಲು ಉಳಿಯಬೇಕು. ಮೇಲೆ ಆರೇಳು ಸೆಂ.ಮೀ. ಬಿಟ್ಟು ಓರೆಯಾಗಿ ಮುಂದಕ್ಕೆ ಬೀಳಿಸಬೇಕು. ಮೂಲೆಯಲ್ಲಿ ರೇಜರಿನಿಂದ ಚೌಕವಾಗಿ ಲೈನ್ ಹಾಕಿಸಿಕೊಂಡರೆ ಅಗಲಕ್ಕೆ ಅಂಚು ಕಟ್ಟಿದಂತಾಗುತ್ತದೆ. ಕಿರಿದಾದ ಹಣೆಯವರು ಕಣತಲೆಯ ಬಳಿ 2ನೇ ನಂಬರಿಗೆ ಇಳಿಸಿ ಮೂಲೆ ತೆರೆಸಿಕೊಂಡು, ಮುಂದಿನ ಕೂದಲನ್ನು ಮೇಲಕ್ಕೆತ್ತಿ ಒಂದು ಬದಿಗೆ ಬಾಚಬೇಕು. ಹಣೆಯ ಮೇಲೆ ಕವುಚಿಬಿದ್ದಂತಿರುವ ಮಶ್ರೂಮ್ ಕಟ್ ಅವರಿಗೆ ಹೊಂದುವುದಿಲ್ಲ.

ಮದುವೆಗೆ ಮುನ್ನ, ಆಮೇಲಿನ ಟ್ರಿಮ್

ಮದುವಣಗಿತ್ತಿಯರು ಮುಹೂರ್ತಕ್ಕೆ ಮೂರು ವಾರ ಮೊದಲೇ ಫ್ಲಿಕ್ಸ್ ಕತ್ತರಿಸಿಕೊಂಡಿರಬೇಕು, ಹಿಂದಿನ ದಿನ ಮುಟ್ಟಬಾರದು. ಬೈತಲೆ ಬೊಟ್ಟು ಅಗಲ ಹಣೆಯ ನಡುವೆ ಇಳಿದು ಅದನ್ನು ಎರಡಾಗಿ ಭಾಗಿಸುವುದರಿಂದ ಅಕ್ಕನಂಥವರಿಗೆ ದೊಡ್ಡ ಪದಕವೂ ಒಪ್ಪುತ್ತದೆ. ತಂಗಿಯಂಥವರು ಪದಕ ಕೂದಲಂಚಿನಲ್ಲೇ ನಿಲ್ಲುವಷ್ಟು ಚಿಕ್ಕದನ್ನು ಆರಿಸಿಕೊಂಡು, ಬೊಟ್ಟಿಗಾಗಿ ನಡುಬೈತಲೆ ತೆಗೆದರೂ ಎರಡು ಬದಿಯ ಕೂದಲನ್ನು ಮೂಲೆಯಿಂದ ಎತ್ತಿ ಹಿಂದಕ್ಕೆ ಪಿನ್ ಮಾಡಿಸಿಕೊಳ್ಳಬೇಕು.

ತಲೆಗೂದಲು ತಿಂಗಳಿಗೆ ಸುಮಾರು ಒಂದರಿಂದ ಒಂದೂಕಾಲು ಸೆಂ.ಮೀ. ಬೆಳೆಯುತ್ತದೆ. ಹುಬ್ಬಿನ ಮೇಲೆ ಗಿಡ್ಡವಾಗಿ ಕತ್ತರಿಸಿ ಕೆಟ್ಟ ಫ್ಲಿಕ್ಸ್ ಕೆನ್ನೆಯ ಮೂಳೆಗೆ ಬರಲು ಐದಾರು ತಿಂಗಳು ಬೇಕು, ಅಲ್ಲಿಯವರೆಗೆ ಅದನ್ನು ಒಂದು ಬದಿಗೆ ತಿರುಚಿ ಪಿನ್ ಮಾಡಿಕೊಳ್ಳುವುದೊಂದೇ ದಾರಿ. ಸರಿಯಾಗಿ ಬಂದ ಫ್ಲಿಕ್ಸಿಗೆ ಐದಾರು ವಾರಕ್ಕೊಮ್ಮೆ ಟ್ರಿಮ್ ಸಾಕು, ಆಗಲೂ ಹಳೆಯ ತ್ರಿಕೋನದ ಕೂದಲನ್ನಷ್ಟೇ ಮುಟ್ಟಬೇಕು. ಪ್ರತಿ ಸಲವೂ ಪಕ್ಕದಿಂದ ನಾಲ್ಕೆಳೆ ಹೆಚ್ಚು ಸೇರಿಸುತ್ತಾ ಹೋದರೆ ವರ್ಷದೊಳಗೆ ತ್ರಿಕೋನ ಕಿವಿಯನ್ನು ಮುಟ್ಟಿರುತ್ತದೆ. ಕಿರಿದಾದ ಹಣೆಯ ಪಕ್ಕದ ಲೇಯರಿಗೆ ಎರಡೂವರೆ ಮೂರು ತಿಂಗಳಿಗೊಮ್ಮೆ ಕತ್ತರಿ ತಾಗಿಸಿದರೆ ಸಾಕು, ಅದು ಗದ್ದ ದಾಟಿ ಭಾರವಾಗಿ ಮೂಲೆಯ ಮೇಲೆ ಕುಸಿಯಲು ಶುರುಮಾಡಿದಾಗ ಟ್ರಿಮ್ಮಿನ ಹೊತ್ತು ಬಂದಿದೆಯೆಂದು ತಿಳಿಯಬಹುದು.